ಅರ್ಧಗೋಳದ ಮೇಲೆ 8π, ಅಂಚಿನಲ್ಲಿ 4π: ಯಾವುದು ತಪ್ಪು?

ವಿರಾಜಪೇಟೆ, ಬಿ.ಎಸ್ಸಿ. ವಿದ್ಯಾರ್ಥಿನಿ: F = (z, x, y). ತ್ರಿಜ್ಯ 2 ಇರುವ ಮೇಲಿನ ಅರ್ಧಗೋಳ. ಕರ್ಲ್ (1, 1, 1) ಬಂತು. x, y ಭಾಗಗಳು ಎದುರುಬದುರು ರದ್ದಾಗುತ್ತವೆ. ಉಳಿದ 1 ಅನ್ನು ಅರ್ಧಗೋಳದ ವಿಸ್ತೀರ್ಣಕ್ಕೆ ಗುಣಿಸಿದೆ, 8π. ಅಂಚಿನ ಸುತ್ತ ಮಾಡಿದರೆ 4π. ಸ್ಟೋಕ್ಸ್ ಪ್ರಕಾರ ಎರಡೂ ಒಂದೇ ಆಗಬೇಕಲ್ವಾ ಸರ್?

ಮಡಿಕೇರಿ, ನಿವೃತ್ತ ಗಣಿತ ಮೇಷ್ಟ್ರು: ಅಂಚಿನದೇ ಸರಿ ಕಣಮ್ಮ. ಅಲ್ಲಿ z = 0, ಹಾಗಾಗಿ F = (0, x, y). ಮೇಲಿನಿಂದ ನೋಡಿದಾಗ ಗಡಿಯಾರಕ್ಕೆ ಎದುರಾಗಿ ಸುತ್ತಿದರೆ 4cos²t ಉಳಿಯುತ್ತದೆ. ಒಂದು ಸುತ್ತಿಗೆ 4π.

ಸರಿಯಾಗಿ ಎರಡು ಪಟ್ಟು ಜಾಸ್ತಿ ಬಂದಿದೆ ನೋಡು, ಅದೇ ಸುಳಿವು. ನಮ್ಮ ಜುಲೈ ಮಳೆಯಲ್ಲಿ ಅಂಗಳಕ್ಕೆ ಒಂದು ಗುಂಡನೆ ಬೋಗುಣಿ ಕವುಚಿ ಹಾಕು. ಅದರ ಮೈ ಬಾಯಿಯ ವಿಸ್ತೀರ್ಣದ ಎರಡರಷ್ಟು. ಹಾಗಂತ ಎರಡರಷ್ಟು ಮಳೆ ಬೀಳುತ್ತದಾ? ನೇರ ಸುರಿಯುವ ಮಳೆ ಬೀಳುವುದು ಬಾಯಿಯ ವೃತ್ತದಷ್ಟೇ. ಇಳಿಜಾರಿನ ಮೇಲೆ ಹನಿಗಳು ಹರಡಿಕೊಳ್ಳುತ್ತವೆ. ನೀನು ಬಿಟ್ಟಿದ್ದು ಆ ಇಳಿಜಾರನ್ನು, ಅಂದರೆ ನಾರ್ಮಲ್‌ನ z ಭಾಗ cosθ.

```
∬ cosθ dS = 4 · 2π · ∫ sinθ cosθ dθ   (θ: 0 → π/2)
          = 4 · 2π · 1/2 = 4π
```

x, y ಭಾಗ ರದ್ದಾಗಿದ್ದು ಕರ್ಲ್ ಎಲ್ಲ ಕಡೆ ಒಂದೇ ಇರುವುದರಿಂದ. ಕರ್ಲ್‌ನ ಮೊದಲ ಭಾಗದಲ್ಲೇ x ಇದ್ದರೆ ನಾರ್ಮಲ್‌ನ x ಜೊತೆ ಸೇರಿ x² ಆಗುತ್ತದೆ, ಆಗ ಅದು ರದ್ದಾಗುವುದಿಲ್ಲ.

ಗೋಣಿಕೊಪ್ಪ, ಸಿವಿಲ್ ಎಂಜಿನಿಯರ್: ಕರ್ಲ್‌ನ ಡೈವರ್ಜೆನ್ಸ್ ಯಾವಾಗಲೂ ಸೊನ್ನೆ. ಹಾಗಾದರೆ ಉತ್ತರವೇ 0 ಅಲ್ವಾ?

ಮಡಿಕೇರಿ ಮೇಷ್ಟ್ರು: ಮೊದಲ ಮಾತು ಸರಿ. ಆದರೆ ಆ ಸೊನ್ನೆ ಮುಚ್ಚಿದ ಮೈಗೆ. ಅರ್ಧಗೋಳದ ತಳ ತೆರೆದಿದೆ. ತಳಕ್ಕೆ ತಟ್ಟೆ ಹಾಕಿ ನಾರ್ಮಲ್ ಕೆಳಗೆ ಹಿಡಿದರೆ ತಟ್ಟೆಯದು −4π. ಒಟ್ಟು 0 ಆಗಬೇಕಾದರೆ ಮೇಲಿನದು 4π. ನಿಮ್ಮ ದಾರಿಯಲ್ಲೂ ಅದೇ ಬಂತು.

ಸೋಮವಾರಪೇಟೆ: ನನ್ನದು F = (−y, x, 0)/(x²+y²). ಅದೇ ಅರ್ಧಗೋಳ. ಕರ್ಲ್ ಸೊನ್ನೆ, ಆದರೆ ಅಂಚಿನಲ್ಲಿ 2π. ನಾನೂ cosθ ಬಿಟ್ಟೆನಾ?

ಮಡಿಕೇರಿ ಮೇಷ್ಟ್ರು: ಇಲ್ಲ, ನಿಮ್ಮ ಲೆಕ್ಕ ಸರಿಯಿದೆ, ಪ್ರಮೇಯ ಇಲ್ಲಿಗೆ ಹೊಂದುವುದಿಲ್ಲ. ಅರ್ಧಗೋಳದ ನೆತ್ತಿ z ಅಕ್ಷದ ಮೇಲಿದೆ, ಅಲ್ಲಿ F ಗೆ ಬೆಲೆಯೇ ಇಲ್ಲ. ನೆತ್ತಿಯಲ್ಲಿ ಸಣ್ಣ ತೂತು ಕೊರೆಯಿರಿ. ಈಗ ಅಂಚು ಎರಡು. ತೂತಿನ ಸುತ್ತಲೂ 2π, ಆದರೆ ಎದುರು ದಿಕ್ಕಿನಲ್ಲಿ. ಕೂಡಿಸಿದರೆ 0, ಕರ್ಲ್‌ಗೆ ಸರಿಹೊಂದಿತು.

ಸೋಮವಾರಪೇಟೆ: ಅಂಚು ಅದೇ ಇಟ್ಟುಕೊಂಡು ಅಕ್ಷವನ್ನು ಬಳಸಿಕೊಂಡು ಹೋಗುವ ಬೇರೆ ಮೈ ಹಾಕಿದರೆ?

ಮಡಿಕೇರಿ ಮೇಷ್ಟ್ರು: ಅಂಥ ಮೈ ಸಿಗುವುದಿಲ್ಲ. ಸಿಕ್ಕಿದ್ದರೆ ಅಂಚಿನಲ್ಲಿ 0 ಬರಬೇಕಿತ್ತು.

ವಿರಾಜಪೇಟೆ: ಸರ್, ನನಗೂ 4π ಬಂತು! ಕೆಳಗಿನ ಅರ್ಧಗೋಳಕ್ಕೆ ನಾರ್ಮಲ್ ಹೊರಗೆ ಇಟ್ಟರೆ −4π ಬರುತ್ತಿದೆ. ಅಂಚನ್ನು ತಿರುಗಿಸಿ ಸುತ್ತಬೇಕು, ಸರಿನಾ?

ಮಡಿಕೇರಿ ಮೇಷ್ಟ್ರು: ಹೌದಮ್ಮ, ತಿರುಗಿಸಿ.