ಅಡ್ಡ ಸೆಳೆತದ ಹೊಳೆ ಈಜಿ ದಾಟಿದರೆ ಎಲ್ಲಿ ಹೋಗಿ ಮುಟ್ಟುತ್ತೇವೆ?

ಕೇಳಿದವರು (ಕಾರವಾರ): ಕಾಳಿ ಹೊಳೆಯಲ್ಲಿ, ಸೇತುವೆಯಿಂದ ಸಾಕಷ್ಟು ಮೇಲೆ, ಸುಮಾರು 400 ಮೀಟರ್ ಅಗಲದ ಜಾಗ ಇದೆ. ದೋಣಿ ಜೊತೆಗಿಟ್ಟುಕೊಂಡು ಈಜಿ ದಾಟಬೇಕು ಅಂತಿದ್ದೇನೆ. ಈಜುಕೊಳದಲ್ಲಿ 100 ಮೀಟರಿಗೆ ಎರಡೂವರೆ ನಿಮಿಷ ತಗೋತೇನೆ. ಎಷ್ಟು ಹೊತ್ತಾಗಬಹುದು, ಎಷ್ಟು ಕೆಳಗೆ ತೇಲಿ ಹೋಗಬಹುದು? ಮಾಡಿದವರು ಹೇಳಿ.

ಅಂಕೋಲೆಯ ಈಜುಗಾರ: ಸೆಳೆತ ಜಾಸ್ತಿ ಇದ್ದಷ್ಟು ಹೊತ್ತೂ ಜಾಸ್ತಿ. ನಾನು ಲೆಕ್ಕ ಗಿಕ್ಕ ಹಾಕೋದಿಲ್ಲ, ಒಂದೂವರೆ ಪಟ್ಟು ಹಿಡಿದುಬಿಡ್ತೇನೆ. ಎದುರು ದಡದ ಒಂದು ಮರ ನೋಡಿಕೊಂಡು ಅದಕ್ಕೇ ಮುಖ ಮಾಡಿ ಈಜಿ, ಮುಟ್ಟುತ್ತೀರಿ.

ಹೊಳೆಬದಿ: ಒಂದೂವರೆ ಪಟ್ಟು ಯಾಕೆ ಆಗ್ತದೆ ಅಂತ ಆಮೇಲೆ ಹೇಳ್ತೇನೆ. ಅದಕ್ಕೆ ಕಾರಣ ಆ ಮರವೇ.

ಮೊದಲು ಈಜಿನ ವೇಗ. ಎರಡೂವರೆ ನಿಮಿಷಕ್ಕೆ 100 ಅಂದರೆ ನಿಮಿಷಕ್ಕೆ 40 ಮೀಟರ್. ಹೊಳೆಯಲ್ಲಿ ಗೋಡೆ ಒದ್ದು ಮುಂದೆ ಹೋಗೋದಿಲ್ಲ, ತಲೆ ಎತ್ತಿ ದಾರಿ ನೋಡಬೇಕು. ಅದಕ್ಕೆ 36 ಹಿಡಿಯಿರಿ. ಮೈಯನ್ನು ಎದುರು ದಡಕ್ಕೆ ನೇರವಾಗಿ ಇಟ್ಟು, ಹೊಳೆ ಒಯ್ದಲ್ಲಿಗೆ ಹೋದರೆ 400 ಮೀಟರಿಗೆ 11 ನಿಮಿಷ. ಸೆಳೆತ ಎಷ್ಟೇ ಇರಲಿ, ಅದೇ 11. ಹೊಳೆ ನಿಮ್ಮನ್ನು ಪಕ್ಕಕ್ಕೆ ಒಯ್ಯುತ್ತದೆಯೇ ಹೊರತು ಹಿಂದಕ್ಕಲ್ಲ. ಸೆಳೆತದಿಂದ ಬದಲಾಗೋದು ಎಲ್ಲಿ ಮುಟ್ಟುತ್ತೀರಿ ಅನ್ನೋದು ಮಾತ್ರ.

ಈಗ ಸೆಳೆತ ಅಳೆಯೋದು. ಒಂದು ಲೀಟರ್ ಬಾಟಲಿಗೆ ಕುತ್ತಿಗೆವರೆಗೆ ನೀರು ತುಂಬಿ ಮುಚ್ಚಳ ಹಾಕಿ. ಖಾಲಿ ಬಾಟಲಿ ಬೇಡ, ಅದು ಗಾಳಿಗೆ ಓಡ್ತದೆ. ಮುಕ್ಕಾಲಿಗಿಂತ ಜಾಸ್ತಿ ಮುಳುಗಿದ್ದರೆ ನೀರಿನ ಜೊತೆಗೇ ಹೋಗ್ತದೆ. ದಡದಲ್ಲಿ 20 ಮೀಟರ್ ಅಳೆದು ಎರಡು ಗೂಟ ನೆಡಿ, ಬಾಟಲಿ ಅಷ್ಟು ದೂರ ಹೋಗಲು ಎಷ್ಟು ಸೆಕೆಂಡು ನೋಡಿ.

ಇಲ್ಲೇ ನಾನು ಒಮ್ಮೆ ಎಡವಿದ್ದು. ದಡದಲ್ಲಿ ಮಾತ್ರ ಅಳೆದೆ. 20 ಮೀಟರಿಗೆ ಎರಡೂವರೆ ನಿಮಿಷ ಬಂತು, ಅಂದರೆ ನಿಮಿಷಕ್ಕೆ 8 ಮೀಟರ್. 11 ನಿಮಿಷಕ್ಕೆ 90 ಮೀಟರ್ ಜಾರಬಹುದು ಅಂದುಕೊಂಡೆ. ಜಾರಿದ್ದು ಅದರ ದುಪ್ಪಟ್ಟು! ದಡದ ಹತ್ತಿರ ನೀರು ಮಂದ, ನಡುವೆ ಆಳ ಇರುವಲ್ಲಿ ಜೋರು. ಆಮೇಲೆ ಪಾತಿ ದೋಣಿಯಲ್ಲಿ ಹೋಗಿ ನಡುಹೊಳೆಯಲ್ಲಿ ಬಾಟಲಿ ಬಿಟ್ಟು ನೋಡಿದರೆ ನಿಮಿಷಕ್ಕೆ 24 ಮೀಟರ್. ಆಚೆ ದಡದಲ್ಲಿ 12.

ಹಾಗಾಗಿ ಹೊಳೆಯನ್ನು ಮೂರು ಪಾಲು ಮಾಡಿ. ಈಚೆಯ 100 ಮೀಟರ್ ಈಜಲು 2.8 ನಿಮಿಷ, ಆಗ ಜಾರೋದು 22 ಮೀಟರ್. ನಡುವಿನ 200ಕ್ಕೆ 5.6 ನಿಮಿಷ, ಜಾರೋದು 133. ಆಚೆಯ 100ಕ್ಕೆ ಮತ್ತೆ 2.8 ನಿಮಿಷ, 33. ಒಟ್ಟು 190 ಮೀಟರ್ ಕೆಳಗೆ. ಇದು ನನ್ನ ಜಾಗದ ಲೆಕ್ಕ. ನಿಮ್ಮಲ್ಲಿ ಬೇರೆ ಬರ್ತದೆ, ಅಳೆಯಲೇಬೇಕು.

ಶಿರಸಿ ಕಡೆಯವ: ನಮ್ಮೂರ ಕೆರೆಯಲ್ಲಿ ಸೆಳೆತವೇ ಇಲ್ಲ, ಆದರೂ ನಾನು ಎದುರಿನ ಮೆಟ್ಟಿಲು ಬಿಟ್ಟು ಇಪ್ಪತ್ತು ಮಾರು ಎಡಕ್ಕೆ ಹೋಗಿ ಮುಟ್ತಿದ್ದೆ. ಗಾಳಿ ಅಂತ ಬೈಕೊಂಡೆ. ಗಾಳಿ ಇಲ್ಲದ ದಿನವೂ ಅದೇ ಕಥೆ! ನಾನು ಯಾವಾಗ್ಲೂ ಬಲಕ್ಕೆ ಮಾತ್ರ ಉಸಿರು ತಗೊಳ್ಳೋದು, ಬಲಗೈ ಎಳೆತ ಜೋರು. ಅದಕ್ಕೇ ಹಾಗೆ.

ಹೊಳೆಬದಿ: ಇದು ಕೆರೆಯ ವಿಷಯ ಆದರೂ ಹೊಳೆಗೂ ಬೇಕಾದ್ದೇ. ಎಂಟ್ಹತ್ತು ಕೈಗೊಮ್ಮೆ ತಲೆ ಎತ್ತಿ ನೋಡದಿದ್ದರೆ ಮೇಲಿನ ಲೆಕ್ಕವೆಲ್ಲ ಸುಮ್ನೆ.

ಈಗ ಆ ಮರದ ಮಾತು. ಸರಾಸರಿ ಸೆಳೆತ ನಿಮಿಷಕ್ಕೆ 18 ಅಂತ ದುಂಡಗೆ ಹಿಡಿಯಿರಿ, ನಿಮ್ಮ ವೇಗ 36. ಎದುರಿನ ಮರಕ್ಕೇ ಮುಖ ಮಾಡಿ ಹೊರಟರೆ ಶುರುವಿನಲ್ಲಿ ಕೆಳಗೆ ಜಾರ್ತೀರಿ. ಮರ ಈಗ ಮೇಲ್ಬದಿಗೆ ಕಾಣ್ತದೆ, ಅದರ ಕಡೆ ತಿರುಗ್ತೀರಿ. ಮತ್ತೆ ಜಾರ್ತೀರಿ, ಮತ್ತೆ ತಿರುಗ್ತೀರಿ. ಕೊನೆಗೆ ದಡದ ಹತ್ತಿರ ಬಹುತೇಕ ಸೆಳೆತದ ಎದುರೇ ಈಜ್ತಿರ್ತೀರಿ, ಅದೂ ಸುಸ್ತಾದ ಮೇಲೆ. ಹಾಗೆ 15 ನಿಮಿಷ ಬೇಕು. ಮೊದಲಿನಿಂದಲೇ 30 ಡಿಗ್ರಿ ಮೇಲ್ಬದಿಗೆ ಓರೆ ಹಿಡಿದರೆ ಅದೇ ಮರವನ್ನು 13 ನಿಮಿಷದಲ್ಲಿ ಮುಟ್ಟಬಹುದು. ಆದರೆ ಸೆಳೆತ ನಿಮ್ಮ ವೇಗದಷ್ಟೇ ಇದ್ದರೆ ಎಷ್ಟು ಓರೆ ಹಿಡಿದರೂ ಎದುರು ಮುಟ್ಟೋದಿಲ್ಲ. ನಾನಾದರೆ 190 ಮೀಟರ್ ಮೇಲಿಂದ ಇಳಿದು ನೇರ ಈಜ್ತೇನೆ. ಕಡಿಮೆ ಹೊತ್ತು, ಕಡಿಮೆ ಸುಸ್ತು.

ತದಡಿಯ ದೋಣಿಯವರ ಮಗ: ಓರೆ ಹಿಡಿಯೋರಿಗೆ ನಮ್ಮಪ್ಪ ಹೇಳೋ ಉಪಾಯ: ಎದುರು ದಡದಲ್ಲಿ ಒಂದು ತೆಂಗಿನಮರ, ಅದರ ಹಿಂದೆ ದೂರದಲ್ಲಿ ಇನ್ನೊಂದು ಗುರುತು, ಗುಡ್ಡದ ತುದಿಯೋ ಲೈಟ್ ಕಂಬವೋ. ಎರಡೂ ಒಂದರ ಹಿಂದೊಂದು ಕಾಣ್ತಾ ಇದ್ದರೆ ನೇರ ದಾಟ್ತಿದ್ದೀರಿ. ಹಿಂದಿನದ್ದು ಮೇಲ್ಬದಿಗೆ ಸರಿದರೆ ನೀವು ಮೇಲೆ ಹೋಗಿದ್ದೀರಿ, ಕೆಳಬದಿಗೆ ಸರಿದರೆ ಕೆಳಗೆ ಜಾರಿದ್ದೀರಿ. ಒಂದೇ ಮರ ನೋಡಿದರೆ ಇದು ಗೊತ್ತಾಗೋದೇ ಇಲ್ಲ.

ಕಡಲ ಹತ್ತಿರದ ಹೊಳೆಯಲ್ಲಿ ಸೆಳೆತ ಭರತಿ-ಇಳಿತದ ಜೊತೆ ಬದಲಾಗ್ತದೆ, ಅದಕ್ಕೇ ಅಳೆದ ದಿನ ಮತ್ತು ಈಜೋ ದಿನ ಬೇರೆ ಆದರೆ ಹುಷಾರು. ಭರತಿ ದಿನಕ್ಕೆ ಸುಮಾರು 50 ನಿಮಿಷ ತಡ ಆಗ್ತಾ ಹೋಗ್ತದೆ. ಈ ಭಾನುವಾರ ಬೆಳಿಗ್ಗೆ 7ಕ್ಕೆ ಭರತಿ ಇದ್ದರೆ, ಮುಂದಿನ ಭಾನುವಾರ 7ಕ್ಕೆ ಇಳಿತದ ಆಸುಪಾಸು. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಸೆಳೆತ ಜೋರು, ಅಷ್ಟಮಿ ಹತ್ತಿರ ಮೆತ್ತಗೆ. ಇನ್ನೊಂದು, ಹೊಳೆಯ ಒಳಗೆ ಭರತಿ ಅಳಿವೆಗಿಂತ ತಡವಾಗಿ ಬರ್ತದೆ. ಭರತಿ-ಇಳಿತದ ಪಟ್ಟಿಯಲ್ಲಿ ಭರತಿ ಹೊತ್ತು ಅಂತ ಇದ್ದರೂ ನಿಮ್ಮ ಜಾಗದಲ್ಲಿ ನೀರು ಇನ್ನೂ ಏರ್ತಾ ಇರಬಹುದು. ಬಾಟಲಿ ನಿಂತಾಗಲೇ ನೀರು ನಿಂತಿದ್ದು.

ದೋಣಿ ನಿಮ್ಮ ಕೆಳಬದಿಯಲ್ಲಿ ಇರಲಿ. ಮಳೆಗಾಲದಲ್ಲಿ, ಇಲ್ಲವೇ ಮೇಲಿನ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟ ದಿನ ಈಜೋದೇ ಬೇಡ. ಆಗ ಭರತಿ ಲೆಕ್ಕ ನಡೆಯೋದಿಲ್ಲ.

ಅಂಕೋಲೆಯ ಈಜುಗಾರ: ಸರಿ, ನನ್ನ ಒಂದೂವರೆ ಪಟ್ಟು ಮರದ ತಪ್ಪು ಅಂತ ಒಪ್ಪಿಕೊಂಡೆ. ಆದ್ರೂ ಮುಟ್ಟೋ ಜಾಗ ಕೆಸರೋ ಕಲ್ಲೋ ಗೊತ್ತಿಲ್ಲದಿದ್ದರೆ ಗುರುತಿನ ಜಾಗಕ್ಕೇ ಹೋಗೋದು ಒಳ್ಳೆಯದು ಅಂತೇನೆ.

ಹೊಳೆಬದಿ: ಅದಕ್ಕೆ ನನ್ನ ತಕರಾರಿಲ್ಲ. ಮುಟ್ಟೋ ಜಾಗದ 100 ಮೀಟರ್ ಕೆಳಗಿನವರೆಗೂ ಮೊದಲೇ ದೋಣಿಯಲ್ಲಿ ಹೋಗಿ ನೋಡಿ. ಬಲೆ ಕಟ್ಟಿದ ಗೂಟ ಇದ್ದರೆ ಬೇರೆ ಜಾಗ ಹುಡುಕಿ.

ಕೇಳಿದವರು: ಎರಡು ವಾರ ಬಿಟ್ಟು ಬರೀತಿದ್ದೇನೆ. ದಡದಲ್ಲಿ 9, ನಡುವೆ 22, ಆಚೆ 13 ಬಂತು. ಲೆಕ್ಕದಲ್ಲಿ 183 ಮೀಟರ್. ದೋಣಿ ಜೊತೆ ನೇರ ಈಜಿದೆ. 13 ನಿಮಿಷ ಆಯ್ತು, ಮುಟ್ಟಿದ್ದು 240 ಮೀಟರ್ ಕೆಳಗೆ.

ಹೊಳೆಬದಿ: ಎರಡು ನಿಮಿಷ ಜಾಸ್ತಿ ಆಗಿದ್ದು ನಡುಹೊಳೆ ಕಳೆದ ಮೇಲೆ ಸುಸ್ತಾಗಿದ್ದರಿಂದ. ಜಾರಿದ್ದೂ ಅದರಿಂದಲೇ.

ತದಡಿಯ ದೋಣಿಯವರ ಮಗ: ಅಷ್ಟೇ ಅಲ್ಲ ಮಾರಾಯರೇ. 13 ನಿಮಿಷಕ್ಕೆ ಲೆಕ್ಕ ಹಾಕಿದರೂ 215ರ ಹತ್ತಿರ ಬರ್ತದೆ. ಬಾಟಲಿ ಬಿಟ್ಟಿದ್ದು ಎಷ್ಟೊತ್ತಿಗೆ, ನೀರಿಗಿಳಿದಿದ್ದು ಎಷ್ಟೊತ್ತಿಗೆ?

ಕೇಳಿದವರು: ನಡುವೆ ಒಂದು ತಾಸು ಹೋಯ್ತು. ದೋಣಿಯವರು ಚಾ ಕುಡಿದು ಬರ್ತೇನೆ ಅಂದ್ರು.

ತದಡಿಯ ದೋಣಿಯವರ ಮಗ: ಅಷ್ಟರಲ್ಲಿ ಇಳಿತದ ಸೆಳೆತ ಜೋರಾಗಿರ್ತದೆ. ಮುಂದಿನ ಸಲ ಚಾ ಆಮೇಲೆ.