‘ಶಾಲೆ ಬಿಟ್ಟವರು’ ಅಂದರೆ ಯಾರು? ಯುಡೈಸ್ ಡೇಟಾಗೆ ಒಂದು ಪದ ಬೇಕು

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಡೇಟಾ ಸೈನ್ಸ್ ಮಕ್ಕಳ ಕೊನೆಯ ಸೆಮಿಸ್ಟರ್ ಪ್ರಾಜೆಕ್ಟ್‌ಗೆ ನಾನು ಗೈಡ್. ಒಂದು ತಂಡ ಯುಡೈಸ್, ಅಂದರೆ ಸರ್ಕಾರ ಪ್ರತಿ ವರ್ಷ ಶಾಲೆಗಳಿಂದ ಸಂಗ್ರಹಿಸುವ ಮಾಹಿತಿಯಲ್ಲಿ ಕರ್ನಾಟಕದ ಶಾಲಾವಾರು ಡೇಟಾ ಹಿಡಿದು, ಯಾವ ಶಾಲೆಯಲ್ಲಿ ಡ್ರಾಪ್‌ಔಟ್ ಜಾಸ್ತಿ ಆಗಬಹುದು ಅಂತ ಅಂದಾಜಿಸುತ್ತಿದೆ. ಈ ವರ್ಷದ 7ನೇ ತರಗತಿಯ ಸಂಖ್ಯೆಯಿಂದ ಮುಂದಿನ ವರ್ಷದ 8ನೇ ತರಗತಿಯ ಸಂಖ್ಯೆ ಕಳೆದಿದ್ದಾರೆ. ಉಳಿದವರನ್ನು ಕನ್ನಡದ ಸಾರಾಂಶದಲ್ಲಿ ‘ಶಾಲೆ ಬಿಟ್ಟವರು’ ಅಂತ ಬರೆದಿದ್ದಾರೆ. ನನಗೆ ಆ ಪದ ಸರಿ ಕಾಣುತ್ತಿಲ್ಲ. ಬೇರೆ ಏನು ಹೇಳಬಹುದು?

ಅನುವಾದಕರೊಬ್ಬರು:
‘ಶಾಲೆಯಿಂದ ಹೊರಗುಳಿದ ಮಕ್ಕಳು’ ಅನ್ನಿ, ಇಲಾಖೆಯ ಸುತ್ತೋಲೆಗಳಲ್ಲಿ ಬರುವ ಮಾತೇ ಅದು.

ನಿವೃತ್ತ ಮುಖ್ಯ ಶಿಕ್ಷಕರು:
ಮಾತು ಇಲಾಖೆಯದ್ದೇ, ಆದರೆ ಇಲ್ಲಿಗೆ ಹೊಂದುವುದಿಲ್ಲ. ಶಾಲೆಗೆ ಒಮ್ಮೆಯೂ ಸೇರದ ಮಗುವೂ ‘ಹೊರಗುಳಿದ’ ಮಗುವೇ. ಅದು ಯುಡೈಸ್‌ನ ದಾಖಲಾತಿಯಲ್ಲಿ ಇರುವುದೇ ಇಲ್ಲವಲ್ಲ, ಕಳೆದು ತೆಗೆಯುವುದು ಹೇಗೆ? ಪದಕ್ಕಿಂತ ಮೊದಲು ಲೆಕ್ಕ ನೋಡಿ. ನಮ್ಮಲ್ಲಿ ಎಷ್ಟೋ ಹಿರಿಯ ಪ್ರಾಥಮಿಕ ಶಾಲೆಗಳು 7ಕ್ಕೇ ಮುಗಿಯುತ್ತವೆ, 8ನೇ ತರಗತಿ ಪ್ರೌಢಶಾಲೆಯಲ್ಲಿ. ಕೇಂದ್ರ ಸರ್ಕಾರದ ವರದಿಗಳಲ್ಲಿ ಅದೇ ಹಂತ ಅಂದರೆ 6ರಿಂದ 8. ಹಾಗಾಗಿ 7ರಲ್ಲಿ 24 ಮಕ್ಕಳಿದ್ದ ಶಾಲೆಯಲ್ಲಿ ಮರುವರ್ಷ 8ನೇ ತರಗತಿ ಸೊನ್ನೆ. ನಿಮ್ಮ ತಂಡದ ಲೆಕ್ಕದಲ್ಲಿ 24 ಮಕ್ಕಳೂ ಶಾಲೆ ಬಿಟ್ಟಂತೆ! ಟಿಸಿ ತಗೊಂಡು ಪಕ್ಕದ ಪ್ರೌಢಶಾಲೆಗೆ ಹೋಗಿರುತ್ತಾರೆ ಅಷ್ಟೇ. ಪ್ರತಿ ಶಾಲೆಯ ಕೊನೆಯ ತರಗತಿ ಯಾವುದು ಅಂತ ನೋಡಿ. ಹೆಚ್ಚು ‘ಬಿಟ್ಟ’ ಶಾಲೆಗಳೆಲ್ಲ 7ಕ್ಕೆ ಮುಗಿಯುವವೇ ಆಗಿದ್ದರೆ, ಮಾಡೆಲ್ ಕಲಿತದ್ದು ಶಾಲೆಯ ರಚನೆಯನ್ನು, ಮಕ್ಕಳ ಕಷ್ಟವನ್ನಲ್ಲ.

ಇನ್ನೊಬ್ಬ ಸದಸ್ಯೆ:
ಅಂದ್ರೆ ನಮ್ಮ ಮಗನೂ ಆ ಲೆಕ್ಕದಲ್ಲಿ ಸೇರಿದ್ದಾನಾ ಸರ್? ನಾವು ಹಾಸನದಿಂದ ಮೈಸೂರಿಗೆ ಬಂದಾಗ 5ನೇ ತರಗತಿಯಲ್ಲಿ ಶಾಲೆ ಬದಲಾಯಿಸಿದೆವು. ಅವನ ಟಿಸಿಯಲ್ಲಿ ‘ಶಾಲೆ ಬಿಟ್ಟ ದಿನಾಂಕ’ ಅಂತಲೇ ಇದೆ.

ನಿವೃತ್ತ ಮುಖ್ಯ ಶಿಕ್ಷಕರು:
ಈ ತಂಡ ಕಳೆದಿರುವುದು 7 ಮತ್ತು 8 ಮಾತ್ರ, ಅವನು ಸೇರಿಲ್ಲ ತಾಯಿ. 5 ಮತ್ತು 6ಕ್ಕೆ ಹೀಗೇ ಮಾಡಿದ್ದರೆ ಹಾಸನದ ಶಾಲೆಯಲ್ಲಿ ಬಿಟ್ಟವನಾಗುತ್ತಿದ್ದ, ಮೈಸೂರಿನ ಶಾಲೆಯ ಸಂಖ್ಯೆಯಲ್ಲಿ ಸದ್ದಿಲ್ಲದೆ ಸೇರುತ್ತಿದ್ದ. ಟಿಸಿಯ ಆ ಮಾತೇ ಗೊಂದಲಕ್ಕೆ ದಾರಿ, ಅಲ್ಲಿ ಶಾಲೆ ಬಿಡುವುದು ಅಂದರೆ ಆ ಶಾಲೆ ಬಿಡುವುದು, ಓದು ಬಿಡುವುದಲ್ಲ. ಗೈಡ್ ಸರ್, ಲೆಕ್ಕವನ್ನು ಒಂದು ಶಾಲೆಗೆ ಮಾಡಬೇಡಿ, ತಾಲ್ಲೂಕಿನ ಎಲ್ಲ ಶಾಲೆ ಕೂಡಿಸಿ. ವಲಸೆ ಹೋದವರು ಆಗಲೂ ತಪ್ಪುತ್ತಾರೆ, ಆದರೆ ಪಕ್ಕದ ಶಾಲೆಗೆ ಹೋದವರು ಲೆಕ್ಕಕ್ಕೆ ಸಿಗುತ್ತಾರೆ. ಇನ್ನೊಂದು, 2022-23ರಿಂದ ಯುಡೈಸ್ ಒಬ್ಬೊಬ್ಬ ವಿದ್ಯಾರ್ಥಿಯ ವಿವರ ತಗೊಳ್ಳುತ್ತಿದೆ, ಮೊದಲು ಶಾಲೆ ಕೊಟ್ಟ ಒಟ್ಟು ಸಂಖ್ಯೆ ಮಾತ್ರ ಇತ್ತು. ಆ ವರ್ಷದ ಆಚೀಚೆ ಸಂಖ್ಯೆಗಳನ್ನು ಒಂದೇ ಗೆರೆಯಲ್ಲಿ ಎಳೆದರೆ ಇಳಿಕೆ ಕಂಡರೂ ನಂಬುವಂತಿಲ್ಲ.

ಪ್ರಶ್ನೆ ಕೇಳಿದವರು:
ತಾಲ್ಲೂಕು ಮಟ್ಟಕ್ಕೇ ಹೋಗಲು ಹೇಳುತ್ತೇನೆ. ಆ ಸಂಖ್ಯೆಗೆ ‘ಮರುವರ್ಷ ದಾಖಲಾಗದವರು’ ಅಂದರೆ ಹೇಗೆ?

ಅನುವಾದಕರು:
ಉದ್ದವಾಯಿತು, ಜೊತೆಗೆ 7ರಲ್ಲೇ ಉಳಿದ ಮಗು ದಾಖಲಾಗಿಯೇ ಇರುತ್ತದಲ್ಲ. ‘ಮುಂದಿನ ತರಗತಿಯಲ್ಲಿ ಕಾಣದವರು’ ಅನ್ನೋಣವೇ?

ನಿವೃತ್ತ ಮುಖ್ಯ ಶಿಕ್ಷಕರು:
ಅರ್ಥ ಸರಿ. ಆದರೆ ‘ಕಾಣದವರು’ ಅಂದರೆ ಓದುವವರಿಗೆ ಕಾಣೆಯಾದ ಮಕ್ಕಳು ನೆನಪಾಗುತ್ತಾರೆ, ನನಗೆ ಒಪ್ಪಿಗೆಯಿಲ್ಲ. ಬೇರೆಯವರೂ ಹೇಳಲಿ.