ಮೇಲ್ಮನೆ ಬಳಗ ಗ್ರೂಪಲ್ಲಿ ಆರೆಂಜ್ ಅಲರ್ಟ್ ಜಗಳ

ಚಿಕ್ಕಪ್ಪ (ಫಾರ್ವರ್ಡ್): "ಹವಾಮಾನ ಇಲಾಖೆಯ ಮುನ್ಸೂಚನೆಯನ್ವಯ ಮುಂದಿನ 24 ಗಂಟೆಗಳಲ್ಲಿ ಜಿಲ್ಲೆಯ ಕೆಲವೆಡೆ 115.6 ರಿಂದ 204.4 ಮಿ.ಮೀ. ಮಳೆಯಾಗುವ ಸಂಭವವಿರುವುದರಿಂದ ಆರೆಂಜ್ ಅಲರ್ಟ್ ಘೋಷಿಸಲಾಗಿದ್ದು, ತಗ್ಗು ಹಾಗೂ ಗುಡ್ಡ ಪ್ರದೇಶದ ಸಾರ್ವಜನಿಕರು ಅಗತ್ಯ ಮುನ್ನೆಚ್ಚರಿಕೆ ವಹಿಸತಕ್ಕದ್ದು."

ಚಿಕ್ಕಪ್ಪ: ಎಲ್ರೂ ಓದಿ

ಅತ್ತೆ: ಓದ್ದೆ. ಈಗ ನಾನೇನ್ ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ 😄

ವಿನಯ್: ಅತ್ತೆ ಅದಕ್ಕೇ ನಾನು ಬೇರೆ ಥರ ಬರ್ದೆ, ನೋಡಿ

"ಇವತ್ತು ರಾತ್ರಿ ಗುಡ್ಡ ಜರಿಯೋ, ಹಳ್ಳ ಉಕ್ಕೋ ಅಪಾಯ ಇದೆ. 19ನೇ ತಾರೀಕು ಬೆಳಿಗ್ಗೆ 8.30ರ ತನಕ. ಶಾಲೆ ಹಿಂದಿನ ಗುಡ್ಡದ ಕೆಳಗಿನ ಮನೆಯವ್ರು, ಹಳ್ಳದ ಆಚೀಚೆ ದಡದವ್ರು ಕತ್ತಲಾಗೋ ಮುಂಚೆ ಮೇಲಿನ ಕೇರಿಗೆ ಬನ್ನಿ. ನೆಲದಲ್ಲಿ ಹೊಸ ಬಿರುಕು ಬಿಟ್ರೆ, ಹಳ್ಳದ ನೀರು ಒಮ್ಮೆಲೇ ಕೆಂಪಾದ್ರೆ ಅಥವಾ ಕಡಿಮೆಯಾದ್ರೆ ಕಾಯ್ಬೇಡಿ, ಹೊರಡಿ. ತುರ್ತಿಗೆ 112, ಜಿಲ್ಲಾ ಕಂಟ್ರೋಲ್ ರೂಮ್ 1077."

ಚಿಕ್ಕಪ್ಪ: ಸರ್ಕಾರಿ ಪ್ರಕಟಣೆ ತಿದ್ದೋಕೆ ನೀನ್ಯಾರೋ. ವಿಪತ್ತು ನಿರ್ವಹಣಾ ಕಾಯ್ದೆ 54ನೇ ಸೆಕ್ಷನ್ ಗೊತ್ತಾ, ಸುಳ್ಳು ಎಚ್ಚರಿಕೆ ಹಬ್ಬಿಸಿದ್ರೆ ಒಂದು ವರ್ಷದ ತನಕ ಜೈಲು. ನಾನು ಆಫೀಸಲ್ಲಿ ಇದ್ದವ್ನು ಹೇಳ್ತಿದೀನಿ ಕೇಳು

ವಿನಯ್: ಸುಳ್ಳು ಎಲ್ಲಿದೆ ಚಿಕ್ಕಪ್ಪ? ಅಂಕಿ ಬಿಟ್ಟಿದೀನಿ ಅಷ್ಟೇ. 115 ಮಿಮೀ ಅಂದ್ರೆ ಅತ್ತೆಗೆ ಏನ್ ಅಂದಾಜು ಆಗುತ್ತೆ, ಅದು ಆರೆಂಜ್ ಅಲರ್ಟಿನ ಲೆಕ್ಕ, 204.4 ದಾಟಿದ್ರೆ ರೆಡ್, ಅದನ್ನ ನೋಡ್ಕೊಂಡು ಬಣ್ಣ ಕೊಡೋದು ಅಧಿಕಾರಿಗಳ ಕೆಲ್ಸ, ಮನೇಲಿ ಕೂತೋರಿಗೆ ಬೇಕಾಗಿರೋದು ಎಲ್ಲಿ ಯಾವಾಗ ಏನ್ ಮಾಡ್ಬೇಕು ಅನ್ನೋದು

ಶ್ರುತಿ: ನಿಂದ್ರಲ್ಲಿ "ಆರೆಂಜ್" ಅನ್ನೋ ಪದಾನೇ ಮಾಯ ಆಗಿದ್ಯಲ್ಲ ವಿನು. ಟಿವಿಲಿ ಬರ್ತಾ ಇರೋದು ಅದೇ, ಇದೂ ಅದೂ ಒಂದೇ ಅಂತ ಜನಕ್ಕೆ ಹೆಂಗ್ ಗೊತ್ತಾಗ್ಬೇಕು

ವಿನಯ್: ಹಾ ಸರಿ, ಆರೆಂಜ್ ಸೇರಿಸ್ತೀನಿ. ಆದ್ರೆ ಮೊದಲ್ನೇ ಸಾಲಲ್ಲಿ ಅಪಾಯಾನೇ ಇರ್ಲಿ, ಬಣ್ಣ ಆಮೇಲೆ. ರೆಡ್ ಬಂದಿಲ್ವಲ್ಲ ಅಂತ ಮಲ್ಕೊಳ್ಳೋರು ಜಾಸ್ತಿ

ಚಿಕ್ಕಪ್ಪ: 8.30 ಅಂತ ಎಲ್ಲಿಂದ ತಂದೆ? ಅದ್ರಲ್ಲಿ 24 ಗಂಟೆ ಅಂತಿದೆ

ವಿನಯ್: ಹವಾಮಾನ ಇಲಾಖೆ ದಿನದ ಮಳೆ ಅಳೆಯೋದೇ ಬೆಳಿಗ್ಗೆ 8.30ರಿಂದ ಮಾರನೇ ದಿನ 8.30ರ ತನಕ ಚಿಕ್ಕಪ್ಪ, ಮೊದಲ್ನೇ ದಿನದ ಎಚ್ಚರಿಕೆ ನಾಳೆ 8.30ಕ್ಕೆ ಮುಗಿಯುತ್ತೆ ಅಂತ ಅವ್ರ ಮೂಲ ಬುಲೆಟಿನ್‌ನಲ್ಲೇ ಇದೆ. "ಮುಂದಿನ 24 ಗಂಟೆ" ಅಂತ ಬರ್ದ್ರೆ ನಾಳಿದ್ದು ಫಾರ್ವರ್ಡ್ ಸಿಕ್ಕಿದವ್ನೂ ಅವನ ಮುಂದಿನ 24 ಗಂಟೆ ಅಂತಾನೇ ಓದ್ತಾನೆ

ಚಿಕ್ಕಪ್ಪ: ಹ್ಮ್. ಆ ಒಂದು ಒಪ್ತೀನಿ. ಆದ್ರೆ ಶಾಲೆ ಹಿಂದಿನ ಗುಡ್ಡ ಅಂತ ಯಾರು ಹೇಳಿದ್ರು? ಮುನ್ಸೂಚನೆ ಇರೋದು ಜಿಲ್ಲೆ ಲೆಕ್ಕದಲ್ಲಿ, ನಮ್ಮ ಗುಡ್ಡಕ್ಕೇ ಮಳೆ ಹೊಡೆಯುತ್ತೆ ಅಂತ ಅವ್ರೂ ಹೇಳೋಕಾಗಲ್ಲ. ನೀನು ಎರಡು ಜಾಗದ ಹೆಸ್ರು ಹಾಕಿದ್ರೆ ಮಿಕ್ಕವ್ರು ನಮಗಿಲ್ಲ ಅಂತ ಸುಮ್ನಾಗ್ತಾರೆ

ಅತ್ತೆ: ಆದ್ರೆ ತಗ್ಗು ಪ್ರದೇಶ ಅಂತ ಬರ್ದ್ರೆ ಯಾರೂ ತಮ್ಮ ಮನೆ ತಗ್ಗಲ್ಲಿದೆ ಅಂತ ಒಪ್ಪಲ್ಲ ಭಾವ. ಕೆಳಗಿನ ಕೇರಿಯವ್ರು ಹೊಳೆಪಕ್ಕದವ್ರಿಗೆ ಹೇಳಿದ್ದು ಅಂತಾರೆ, ಹೊಳೆಪಕ್ಕದವ್ರು ನಮ್ದು ಎತ್ತರದ ಜಗಲಿ ಅಂತಾರೆ

ಶ್ರುತಿ: ಎರಡನ್ನೂ ಬೇರೆ ಬೇರೆ ಹಾಕು ವಿನು. "ಎಚ್ಚರಿಕೆ ಇಡೀ ಜಿಲ್ಲೆಗೆ" ಅಂತ ಮೊದ್ಲು, "ನಮ್ಮೂರಲ್ಲಿ ಮೊದ್ಲು ನೋಡ್ಬೇಕಾದ ಜಾಗ, ಇದು ನಾವು ಸೇರಿಸಿದ್ದು" ಅಂತ ಆಮೇಲೆ. ಜಾಗದ ಹೆಸ್ರು ಪಂಚಾಯ್ತಿಯವ್ರನ್ನ ಕೇಳಿ ಹಾಕು, ಅಂದಾಜಿಗೆ ಬೇಡ

ಚಿಕ್ಕಪ್ಪ: ಅದು ಸರಿ. ಆದ್ರೂ ಹಳ್ಳದ ಆಚೆ ದಡ ಯಾಕೆ? ಗುಡ್ಡ ಈಚೆ ಇದೆಯಲ್ಲ

ವಿನಯ್: ಅಂಕೋಲಾ ಶಿರೂರು ನೆನಪಿಲ್ವಾ, 2024 ಜುಲೈ 16. ಗುಡ್ಡ ಜರಿದದ್ದು ಹೆದ್ದಾರಿ 66ರ ಮೇಲೆ, ಮಣ್ಣು ಗಂಗಾವಳಿಗೆ ಬಿದ್ದು ನೀರು ಚಿಮ್ಮಿ ಆಚೆ ದಡದ ಉಳುವರೆಯಲ್ಲೂ ಮನೆ ಹೋದ್ವು. ಗುಡ್ಡದಡಿ ಇರೋರಿಗೆ ಮಾತ್ರ ಅಂತ ಬರ್ದಿದ್ರೆ ಅವ್ರು ಲೆಕ್ಕಕ್ಕೇ ಇರ್ತಿರ್ಲಿಲ್ಲ

ಚಿಕ್ಕಪ್ಪ: ಆಯ್ತಪ್ಪ ಇರ್ಲಿ. ಆದ್ರೆ ಮೂಲ ಪ್ರಕಟಣೆನೂ ಜೊತೆಗೇ ಹೋಗ್ಬೇಕು, ಹೊರಡಿಸಿದ ತಾರೀಕು ಟೈಮು ಸಮೇತ. ಮತ್ತೆ "ಮೇಲಿನ ಕೇರಿಗೆ ಬನ್ನಿ" ಅಂತೀಯಲ್ಲ, ಬಂದೋರು ಎಲ್ಲಿ ಇರ್ಬೇಕು? ಯಾರ ಮನೆ, ಯಾವ ಕಟ್ಟಡ ಅಂತ ಇಲ್ದೆ ಬನ್ನಿ ಅಂದ್ರೆ ಯಾರೂ ಹೊರಡಲ್ಲ

ಅತ್ತೆ: ಸಮುದಾಯ ಭವನದ ಬೀಗದ ಕೈ ಯಾರ ಹತ್ರ ಇದೆ

ಚಿಕ್ಕಪ್ಪ: ಪಿಡಿಓಗೆ ಈಗ್ಲೇ ಫೋನ್ ಮಾಡ್ತೀನಿ. ಬಾಗ್ಲು ತೆಗೆಸ್ತೀನಿ ಅಂತ ಅವ್ರು ಹೇಳಿದ್ರೆ ಮಾತ್ರ ಜಾಗದ ಹೆಸ್ರು ಹಾಕು, ಅಲ್ಲೀ ತನಕ ಕಳಿಸ್ಬೇಡ. ಗುಡ್ಡದ ಪಟ್ಟಿನೂ ಕೇಳ್ತೀನಿ

ಅತ್ತೆ: ವಿನು, ಅದನ್ನೇ ಆಡಿಯೋ ಮಾಡಿ ಹಾಕು, ಇಲ್ಲಿ ಅಜ್ಜಿ ಕನ್ನಡಕ ಮುರ್ದಿದೆ, ಪಕ್ಕದ ಮನೆಯವ್ರಿಗೆ ಓದೋಕೆ ಬರಲ್ಲ. ಅರ್ಧ ನಿಮಿಷದ ಒಳಗೆ ಮುಗಿಸು, ಉದ್ದ ಆದ್ರೆ ಯಾರೂ ಕೇಳಲ್ಲ

ವಿನಯ್: ಮಾಡ್ತೀನಿ ಅತ್ತೆ, ತಾರೀಕು ಮೊದ್ಲು ಹೇಳಿ ಶುರು ಮಾಡ್ತೀನಿ

ಚಿಕ್ಕಪ್ಪ: ಬೀಗದ ಕೈ ಸಿಕ್ತು. 5 ಗಂಟೆಗೆ ಭವನ ತೆಗೀತಾರೆ. ಹಾಕು ಈಗ